ಒಂದು ಮನೆ, ನಾಲ್ಕು ಜನ, ಮೂರು ಹಗಲು

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲಿಯೊನಾರ್ಡೊ ಎಂಬ ಊರಿನಲ್ಲಿ ಕ್ವಿಕ್ ಸ್ಟಾಪ್ ಹೆಸರಿನ ಅಂಗಡಿಯೊಂದಿದೆ. ಹಾಲು, ಸಿಗರೇಟು, ಬ್ರೆಡ್ಡು ಮಾರುವ ಸಾಧಾರಣ ಅಂಗಡಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ ಕೆವಿನ್ ಸ್ಮಿತ್ ಎಂಬ ಯುವಕ ತನ್ನ ಕೆಲಸದ ಒಂದು ದಿನವನ್ನೇ ಸಿನಿಮಾ ಮಾಡಲು ಹೊರಟ. ತಾನು ಕೂಡಿಟ್ಟ ಕಾಮಿಕ್ಸ್ ಪುಸ್ತಕಗಳನ್ನು ಮಾರಿದ, ಕ್ರೆಡಿಟ್ ಕಾರ್ಡುಗಳ ಮೇಲೆ ಸಾಲ ಎತ್ತಿದ. ಮಾಲೀಕರು ಅಂಗಡಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು, ಆದರೆ ರಾತ್ರಿ ವ್ಯಾಪಾರ ಮುಗಿದ ಮೇಲೆ ಮಾತ್ರ. ಕಥೆ ನಡೆಯುವುದು ಹಗಲಲ್ಲಿ. ಗಾಜಿನ ಕಿಟಕಿಗಳ ಆಚೆಗೆ ಕತ್ತಲು ಕಂಡರೆ ಕಥೆಯೇ ಸುಳ್ಳಾಗುತ್ತದೆ.

ಕಿಟಕಿಯ ಹೊರಗೆ ದೊಡ್ಡ ದೀಪಗಳನ್ನು ನಿಲ್ಲಿಸಿ ಹಗಲನ್ನು ಸೃಷ್ಟಿಸಲು ಅವನ ಬಳಿ ದುಡ್ಡಿರಲಿಲ್ಲ. ಅವನು ಬೆಳಕನ್ನು ಬಿಟ್ಟು ಬರವಣಿಗೆಯನ್ನು ಬದಲಿಸಿದ. ಯಾರೋ ಕಿಡಿಗೇಡಿಗಳು ಷಟರ್‌ನ ಬೀಗಕ್ಕೆ ಚ್ಯೂಯಿಂಗ್ ಗಮ್ ತುರುಕಿದ್ದಾರೆ, ಷಟರ್ ಏಳುತ್ತಿಲ್ಲ ಎಂದು ಕಥೆಯ ಆರಂಭದಲ್ಲೇ ಸೇರಿಸಿದ. ಪಾತ್ರಧಾರಿ ಒಂದು ಬಟ್ಟೆಯ ಮೇಲೆ ಬೂಟ್ ಪಾಲಿಶ್‌ನಲ್ಲಿ ‘ಅಂಗಡಿ ತೆರೆದಿದೆ’ ಎಂಬರ್ಥದ ಮಾತು ಬರೆದು ಹೊರಗೆ ತೂಗುಹಾಕುತ್ತಾನೆ. ಕಿಟಕಿ ಮುಚ್ಚಿದ್ದಕ್ಕೆ ಕಾರಣ ಸಿಕ್ಕಿತು. ಜೊತೆಗೆ, ರಜೆಯ ದಿನ ಕೆಲಸಕ್ಕೆ ಬಂದು ಗೊಣಗುತ್ತಿರುವ ನಾಯಕನ ಪಾಡಿಗೆ ಇನ್ನೊಂದು ಕಿರಿಕಿರಿಯೂ ಸೇರಿಕೊಂಡಿತು. 27,575 ಡಾಲರ್‌ನಲ್ಲಿ ಕಪ್ಪು-ಬಿಳುಪಿನಲ್ಲಿ ತಯಾರಾದ ಆ ಚಿತ್ರ ‘ಕ್ಲರ್ಕ್ಸ್’ 1994ರಲ್ಲಿ ತೆರೆ ಕಂಡಿತು.

ಅದೇ ಚಿತ್ರದಲ್ಲಿ ಇನ್ನೊಂದು ಪಾಠವಿದೆ. ಇಬ್ಬರು ಗೆಳೆಯರು ಪರಿಚಿತ ಹುಡುಗಿಯೊಬ್ಬಳ ಅಂತಿಮ ದರ್ಶನಕ್ಕೆ ಹೋಗುತ್ತಾರೆ, ಅಲ್ಲಿ ಒಬ್ಬನಿಂದ ಶವಪೆಟ್ಟಿಗೆಯೇ ಉರುಳಿಬೀಳುತ್ತದೆ. ಈ ದೃಶ್ಯವನ್ನು ಚಿತ್ರಿಸಬೇಕೆಂದರೆ ಹೊಸ ಜಾಗ ಬೇಕು, ದುಃಖದಲ್ಲಿರುವ ಬಂಧುಬಳಗ ಬೇಕು, ಶವಪೆಟ್ಟಿಗೆ ಬೇಕು. ಸ್ಮಿತ್ ಅದನ್ನು ಚಿತ್ರಿಸಲೇ ಇಲ್ಲ. ಇಬ್ಬರೂ ಬಾಗಿಲವರೆಗೆ ಹೋಗುತ್ತಾರೆ, ಮುಂದಿನ ಕ್ಷಣದಲ್ಲಿ ಜಗಳವಾಡುತ್ತ ಅಲ್ಲಿಂದ ಓಡುತ್ತಿರುತ್ತಾರೆ. ಒಳಗೆ ಏನಾಯಿತು ಎಂಬುದು ಅವರ ಬೈದಾಟದಲ್ಲೇ ತಿಳಿಯುತ್ತದೆ. ಹತ್ತು ವರ್ಷಗಳ ಬಳಿಕ ಚಿತ್ರದ ಡಿವಿಡಿ ಬಂದಾಗ ಆ ಬಿಟ್ಟುಹೋದ ದೃಶ್ಯವನ್ನು ಅನಿಮೇಷನ್‌ನಲ್ಲಿ ಮಾಡಿ ಸೇರಿಸಲಾಯಿತು.

ಕಿರುಚಿತ್ರ, ವೆಬ್ ಸರಣಿ, ಯೂಟ್ಯೂಬ್ ನಾಟಕ, ಆಲ್ಬಂ ಹಾಡು ಎಂದು ಇಂದು ನಮ್ಮಲ್ಲೂ ಊರೂರಿನಲ್ಲಿ ಕ್ಯಾಮೆರಾ ಹಿಡಿದ ತಂಡಗಳಿವೆ. ಕ್ಯಾಮೆರಾ ಅಗ್ಗವಾಗಿದೆ, ಚಿತ್ರೀಕರಣ ಅಗ್ಗವಾಗಿಲ್ಲ. ಎಷ್ಟೋ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ನಾಲ್ಕನೆಯ ದಿನ ಕೈ ಖಾಲಿಯಾದಾಗ. ಆಗ ಉಳಿದ ದೃಶ್ಯಗಳಲ್ಲಿ ಯಾವುದನ್ನು ಬಿಡಲಿ ಎಂಬ ಪ್ರಶ್ನೆ ಏಳುತ್ತದೆ, ಬಿಟ್ಟದ್ದೇ ಕಥೆಯ ಕೀಲಾಗಿರುತ್ತದೆ. ಅದೇ ಕತ್ತರಿಯನ್ನು ಬರೆಯುವ ಮೇಜಿನ ಮೇಲೆ ಆಡಿಸಿದ್ದರೆ ಕೀಲು ಉಳಿಯುತ್ತಿತ್ತು.

ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಮೊದಲು ನೋಡಬೇಕು. ನೋಡುಗರಿಗೆ ಒಂದು ನಿಮಿಷದ ದೃಶ್ಯ ಚಿಕ್ಕದು, ಐದು ನಿಮಿಷದ ದೃಶ್ಯ ದೊಡ್ಡದು. ಪ್ರೊಡಕ್ಷನ್ ಮ್ಯಾನೇಜರ್ ಕಣ್ಣಿಗೆ ಇದು ತಿರುವುಮುರುವು. ಮನೆಯ ಪಡಸಾಲೆಯಲ್ಲಿ ಇಬ್ಬರು ಕೂತು ಐದು ನಿಮಿಷ ಮಾತಾಡುವುದು ಅರ್ಧ ದಿನದ ಕೆಲಸ. ಬಸ್ ನಿಲ್ದಾಣದಲ್ಲಿ ಅರ್ಧ ನಿಮಿಷ ಕಾಯುವ ದೃಶ್ಯಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ಸಾಮಾನು ಕಟ್ಟಬೇಕು, ಗಾಡಿಗೆ ತುಂಬಬೇಕು, ಟ್ರಾಫಿಕ್ಕಿನಲ್ಲಿ ಹೋಗಬೇಕು, ಅನುಮತಿ ಪತ್ರ ತೋರಿಸಬೇಕು, ಇಳಿಸಬೇಕು, ಲೈಟು ಕಟ್ಟಬೇಕು, ಕ್ಯಾಮೆರಾ ನೋಡುವ ಜನರನ್ನು ಬೇಡಿಕೊಳ್ಳಬೇಕು. ಚಿತ್ರದಲ್ಲಿ ಉಳಿಯುವುದು ಮೂವತ್ತು ಸೆಕೆಂಡು.

ರಾತ್ರಿಯದ್ದು ಇನ್ನೂ ಭಾರ. ಬೀದಿಯಲ್ಲೋ ತೋಟದಲ್ಲೋ ರಾತ್ರಿ ಚಿತ್ರಿಸಬೇಕಾದರೆ ಎಲ್ಲ ಬೆಳಕನ್ನೂ ಹೊತ್ತುಕೊಂಡೇ ಹೋಗಬೇಕು. ಜನರೇಟರ್ ಬೇಕು, ಅದರ ಸದ್ದು ಸಂಭಾಷಣೆಗೆ ಬೀಳದಂತೆ ದೂರದಲ್ಲಿ ನಿಲ್ಲಿಸಿ ಉದ್ದದ ಕೇಬಲ್ ಎಳೆಯಬೇಕು. ಎರಡನೇ ಊಟ, ಹೆಚ್ಚಿನ ಬಾಟಾ, ಕಲಾವಿದೆಯರನ್ನು ಮನೆ ಮುಟ್ಟಿಸುವ ಗಾಡಿ ಎಲ್ಲವೂ ಸೇರುತ್ತವೆ. ಇವೆಲ್ಲಕ್ಕಿಂತ ದೊಡ್ಡ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ: ಬೆಳಗಿನ ಜಾವ ನಾಲ್ಕಕ್ಕೆ ಪ್ಯಾಕಪ್ ಆದ ತಂಡ ಅದೇ ದಿನ ಬೆಳಗ್ಗೆ ಕೆಲಸಕ್ಕೆ ಬರಲಾರದು. ಒಂದು ರಾತ್ರಿ ಚಿತ್ರಿಸಿದರೆ ಮರುದಿನದ ಹಗಲೂ ಹೋಯಿತು.

ಲೆಕ್ಕವನ್ನು ಬಿಡಿಸಿ ನೋಡಲು ಹನ್ನೆರಡು ನಿಮಿಷದ ಒಂದು ಕಿರುಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ಅರಸೀಕೆರೆ ಕಡೆಯ ರೈತ ನಂಜಪ್ಪ ಸಾಲಕ್ಕಾಗಿ ತೆಂಗಿನ ತೋಟ ಮಾರಲು ಹೊರಟಿದ್ದಾನೆ. ಬೆಂಗಳೂರಿನಲ್ಲಿರುವ ಮಗ ರಾಘುಗೆ ವಿಷಯ ತಿಳಿದು ಊರಿಗೆ ಧಾವಿಸುತ್ತಾನೆ. ಆ ಸಾಲ ಆದದ್ದು ತನ್ನ ಓದಿಗಾಗಿಯೇ ಎಂಬುದು ಅವನಿಗೆ ಗೊತ್ತಿಲ್ಲ.

ಮೊದಲ ಕರಡಿನಲ್ಲಿ ಒಂಬತ್ತು ದೃಶ್ಯಗಳು. ಕಚೇರಿಯಲ್ಲಿ ಮೇಲಧಿಕಾರಿ ರಜೆ ನಿರಾಕರಿಸುತ್ತಾನೆ. ರಾತ್ರಿ ಮೆಜೆಸ್ಟಿಕ್ಕಿನಲ್ಲಿ ರಾಘು ಬಸ್ಸು ಹತ್ತುತ್ತಾನೆ. ಬಸ್ಸಿನೊಳಗೆ ತಂಗಿಯ ಫೋನು ಬರುತ್ತದೆ. ಬೆಳಗಿನ ಹಳ್ಳಿ ರಸ್ತೆಯಲ್ಲಿ ಗೆಳೆಯ ಸಿಕ್ಕು ಸುದ್ದಿ ಹೇಳುತ್ತಾನೆ. ಮನೆಯಲ್ಲಿ ಅಪ್ಪನೊಡನೆ ಜಗಳವಾಗುತ್ತದೆ. ಸೊಸೈಟಿ ಕಚೇರಿಯಲ್ಲಿ ಕಾರ್ಯದರ್ಶಿ ಗಡುವು ತಿಳಿಸುತ್ತಾನೆ. ರಾತ್ರಿ ತೋಟದಲ್ಲಿ ಅಪ್ಪ ಸತ್ಯ ಹೇಳುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬೀಳುತ್ತದೆ. ಕೊನೆಗೆ ರಾತ್ರಿ ಮನೆಯಲ್ಲಿ ಮೌನದ ಊಟ.

ಎಂಟು ಜಾಗಗಳು, ನಾಲ್ಕು ರಾತ್ರಿ ದೃಶ್ಯಗಳು. ರಾಘು, ಅಪ್ಪ, ತಂಗಿ, ಮೇಲಧಿಕಾರಿ, ಗೆಳೆಯ, ಕಾರ್ಯದರ್ಶಿ, ತೋಟ ಕೊಳ್ಳುವವ, ಸಬ್‌ರಿಜಿಸ್ಟ್ರಾರ್ ಎಂದು ಎಂಟು ಪಾತ್ರಗಳು, ಮೇಲೆ ನಿಲ್ದಾಣದ ಮತ್ತು ಕಚೇರಿಗಳ ಜನ. ಬೆಂಗಳೂರಿನಲ್ಲಿ ಒಂದು ಹಗಲು, ಒಂದು ರಾತ್ರಿ. ಪ್ರಯಾಣಕ್ಕೂ ನಿದ್ದೆಗೂ ಒಂದು ದಿನ. ಊರಿನಲ್ಲಿ ಎರಡು ಹಗಲು, ಒಂದು ರಾತ್ರಿ. ಒಟ್ಟು ಆರು ದಿನ. ಕಲಾವಿದರು, ತಂತ್ರಜ್ಞರು ಸೇರಿ ದಿನಕ್ಕೆ ಹದಿನೈದು ಜನ ಎಂದಿಟ್ಟುಕೊಂಡರೆ ತೊಂಬತ್ತು ಆಳಿನ ದಿನಗೂಲಿ ಲೆಕ್ಕ. ಊಟ, ಬಾಟಾ, ವಸತಿ, ಗಾಡಿ ಎಲ್ಲವೂ ಈ ಒಂದು ಸಂಖ್ಯೆಯ ಹಿಂದೆ ಹೋಗುತ್ತವೆ. ದರ ಊರಿಂದ ಊರಿಗೆ ಬದಲಾಗಬಹುದು, ಆದರೆ ಆಳಿನ ಲೆಕ್ಕ ಇಳಿದರೆ ಖರ್ಚು ಇಳಿಯಲೇಬೇಕು.

ಈಗ ತಿದ್ದುವ ಕೆಲಸ. ಅವಸರದಲ್ಲಿ ಮಾಡುವ ತಪ್ಪೆಂದರೆ ದುಬಾರಿ ದೃಶ್ಯಗಳಿಗೆ ಸೀದಾ ಅಡ್ಡಗೆರೆ ಎಳೆಯುವುದು. ಅನುಭವಿ ಬರಹಗಾರರು ಮೊದಲು ಪ್ರತಿ ದೃಶ್ಯದ ಪಕ್ಕದಲ್ಲಿ ಒಂದೇ ಸಾಲು ಬರೆದುಕೊಳ್ಳುತ್ತಾರೆ: ಈ ದೃಶ್ಯದ ಮುಂಚೆ ಏನಿತ್ತು, ಮುಗಿದಾಗ ಏನು ಬದಲಾಯಿತು? ಹಾಗೆ ಬರೆದರೆ ಮೊದಲ ನಾಲ್ಕು ದೃಶ್ಯಗಳ ಬಣ್ಣ ಬಯಲಾಗುತ್ತದೆ. ರಜೆ ಸಿಗಲಿಲ್ಲ, ಬಸ್ಸು ಹತ್ತಿದ, ಫೋನು ಬಂತು, ನಡೆದ. ಇವೆಲ್ಲ ಸೇರಿ ಬದಲಾಗಿರುವುದು ಎರಡೇ ಸಂಗತಿ: ರಾಘು ಕೆಲಸಕ್ಕೆ ಕುತ್ತು ತಂದುಕೊಂಡು ಬಂದಿದ್ದಾನೆ, ತೋಟ ಮಾರಾಟದ ಸುದ್ದಿ ಅವನಿಗೆ ಮುಟ್ಟಿದೆ. ಈ ಎರಡಕ್ಕೂ ಮೆಜೆಸ್ಟಿಕ್ ಬೇಕಾಗಿಲ್ಲ.

ಹಾಗಾಗಿ ಹೊಸ ಕರಡು ಮನೆಯ ಜಗಲಿಯಲ್ಲೇ ತೆರೆದುಕೊಳ್ಳುತ್ತದೆ. ಬೆಳಗ್ಗೆ. ಕಂಬಕ್ಕೆ ಒರಗಿಸಿದ ಬ್ಯಾಗು, ಮಾಸಿದ ಅಂಗಿಯ ಮೇಲೆ ಇನ್ನೂ ನೇತಾಡುತ್ತಿರುವ ಕಚೇರಿಯ ಗುರುತಿನ ಚೀಟಿ. ಫೋನು ಮತ್ತೆ ಮತ್ತೆ ರಿಂಗಾಗುತ್ತದೆ, ರಾಘು ಒಮ್ಮೆ ಮಾತ್ರ ಎತ್ತುತ್ತಾನೆ. ಮೇಲಧಿಕಾರಿ ಬರೀ ದನಿಯಾಗಿ ಉಳಿದ. ಆ ದನಿಯನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಯಾರಿಂದ ಬೇಕಾದರೂ ಹೇಳಿಸಬಹುದು.

ದನಿಯಷ್ಟೇ ಇರುವ ಪಾತ್ರವೆಂದರೆ ಅಗ್ಗದ ಪಾತ್ರ ಎಂದು ತಿಳಿಯಬೇಕಾಗಿಲ್ಲ. ಸ್ಟೀವನ್ ನೈಟ್ ನಿರ್ದೇಶನದ ‘ಲಾಕ್’ (2013) ಚಿತ್ರದಲ್ಲಿ ತೆರೆಯ ಮೇಲೆ ಕಾಣುವ ಪಾತ್ರ ಟಾಮ್ ಹಾರ್ಡಿಯದು ಒಂದೇ, ಅವನೂ ಉದ್ದಕ್ಕೂ ಕಾರಿನಲ್ಲೇ ಇರುತ್ತಾನೆ. ಹೆಂಡತಿ, ಮಕ್ಕಳು, ಮೇಲಧಿಕಾರಿ, ಸಹೋದ್ಯೋಗಿ ಎಲ್ಲರೂ ಫೋನಿನ ದನಿಗಳು. ಅಲ್ಲಿ ಗಮನಿಸಬೇಕಾದ ಕ್ರಮ ಒಂದಿದೆ. ಆ ಕಲಾವಿದರನ್ನು ಹೋಟೆಲೊಂದರ ಕೋಣೆಯಲ್ಲಿ ಕೂರಿಸಿ, ಚಿತ್ರೀಕರಣದ ಹೊತ್ತಿನಲ್ಲೇ ಹಾರ್ಡಿಗೆ ನಿಜವಾಗಿ ಫೋನು ಮಾಡಿಸಲಾಯಿತು. ಹಾಗಾಗಿ ಅವನ ಮುಖದಲ್ಲಿ ಕಾಣುವುದು ಕೇಳಿಸಿಕೊಂಡವನ ಮುಖ. ಸಣ್ಣ ತಂಡಗಳು ತಪ್ಪುವುದು ಇಲ್ಲೇ. ಎದುರಿಗೆ ಯಾರೂ ಇಲ್ಲದೆ ನಟ ಸತ್ತ ಫೋನನ್ನು ಕಿವಿಗೆ ಹಿಡಿದು, ಅಂದಾಜಿನ ಮೇಲೆ ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಾನೆ; ನಿಲುಗಡೆಗಳೆಲ್ಲ ಒಂದೇ ಅಳತೆಯವಾಗಿ ನೋಡುಗರಿಗೆ ಆಟ ಗೊತ್ತಾಗಿಬಿಡುತ್ತದೆ. ಸಹ ನಿರ್ದೇಶಕನೊಬ್ಬ ಪಕ್ಕದ ಕೋಣೆಯಿಂದ ಫೋನಿನಲ್ಲಿ ಸಂಭಾಷಣೆ ಓದಿದರೂ ಸಾಕು, ಈ ದೋಷ ಬಹುಪಾಲು ಹೋಗುತ್ತದೆ.

ಇನ್ನು ಗೆಳೆಯ ಮತ್ತು ತೋಟ ಕೊಳ್ಳುವವ. ಒಬ್ಬ ಸುದ್ದಿ ಹೇಳಿ ಮರೆಯಾಗುತ್ತಾನೆ, ಇನ್ನೊಬ್ಬ ಸಹಿಯ ಹೊತ್ತಿಗೆ ಬಂದು ನಿಲ್ಲುತ್ತಾನೆ. ಇಬ್ಬರಿಗೂ ತಮ್ಮದೇ ಆದ ಕಥೆಯಿಲ್ಲ. ಇಬ್ಬರನ್ನೂ ಒಬ್ಬನೇ ಮಾಡಿದರೆ? ಶಾಲೆಯಲ್ಲಿ ಜೊತೆಗೆ ಓದಿದ ಕುಮಾರನೇ ತೋಟ ಕೊಳ್ಳುವವ. ಅವನು ಜಗಲಿಗೆ ಬರುವುದು ಮರಗಳನ್ನು ಎಣಿಸಿಕೊಂಡು. “ಯಾವಾಗ್ ಬಂದ್ಯೋ ರಾಘು? ನೂರಾ ಹದ್ನಾಲ್ಕು ಮರ ಆಯ್ತು, ಸರಿ ಐತೇನೋ ನಿಮ್ಮಪ್ಪನ್ನ ಒಂದ್ ಮಾತು ಕೇಳು” ಎಂದು ಸಹಜವಾಗಿ ಅಂದುಬಿಡುತ್ತಾನೆ. ರಾಘುಗೆ ಸುದ್ದಿ ತಿಳಿಯುವುದೇ ಹೀಗೆ. ಒಬ್ಬ ಕಲಾವಿದನ ಖರ್ಚು ಉಳಿಯಿತು, ಮೊದಲ ಕರಡಿನಲ್ಲಿ ಇಲ್ಲದಿದ್ದ ಮುಜುಗರವೊಂದು ಗೆಳೆಯರಿಬ್ಬರ ನಡುವೆ ಹುಟ್ಟಿತು. ಎರಡು ಪಾತ್ರಗಳನ್ನು ಕೂಡಿಸಬಹುದೇ ಎಂದು ಪರೀಕ್ಷಿಸುವ ದಾರಿ ಇದೇ: ಕೂಡಿಸಿದ ಮೇಲೆ ಆ ಒಬ್ಬನಿಗೆ ಸಂಕಟ ಹೆಚ್ಚಾಗಬೇಕು. ಮಾತು ಮಾತ್ರ ಹೆಚ್ಚಾದರೆ ಕೂಡಿಕೆ ಸರಿಯಾಗಿಲ್ಲ.

ಸೊಸೈಟಿ ಕಾರ್ಯದರ್ಶಿಯ ಬದಲು ಒಂದು ನೋಟಿಸು ಸಾಕು ಎಂದು ಯಾರಿಗಾದರೂ ತೋಚುತ್ತದೆ. ಕಷ್ಟವಿರುವುದು ಆ ನೋಟಿಸನ್ನು ಓದಿಸುವುದರಲ್ಲಿ. “ಅಣ್ಣಾ, ನಿಂಗೇ ಗೊತ್ತಲ್ಲ, ಅಪ್ಪ ಆರು ವರ್ಷದ ಹಿಂದೆ ಸೊಸೈಟಿಲಿ ಸಾಲ ತಗೊಂಡಿದ್ರು, ಈಗ ಗಡುವು ಮುಗೀತಾ ಬಂದಿದೆ” ಎಂದು ತಂಗಿ ಹೇಳಿದರೆ ಅದು ವಾರ್ತೆ ಓದಿದಂತೆ. ‘ನಿಂಗೇ ಗೊತ್ತಲ್ಲ’ ಎಂಬ ಮಾತು ಸಂಭಾಷಣೆಯಲ್ಲಿ ಕಂಡ ಕೂಡಲೇ ಕೆಂಪು ಗುರುತು ಹಾಕಬೇಕು. ಕೇಳುವ ಪಾತ್ರಕ್ಕೆ ಗೊತ್ತಿರುವುದನ್ನು ನೋಡುಗರಿಗಾಗಿ ಹೇಳಲಾಗುತ್ತಿದೆ ಎಂದರ್ಥ. ಜಾಗ ಕಡಿಮೆ ಮಾಡಿದ ಕಥೆಗಳಿಗೆ ತಗಲುವ ಮೊದಲ ರೋಗ ಇದು, ಏಕೆಂದರೆ ಕಾಣಿಸದೆ ಬಿಟ್ಟದ್ದೆಲ್ಲ ಮಾತಿನಲ್ಲಿ ಬಂದು ತುಂಬಿಕೊಳ್ಳುತ್ತದೆ.

ಪಾತ್ರಗಳು ಆ ಸಂಗತಿಗಾಗಿ ಜಗ್ಗಾಡಿದರೆ ರೋಗ ವಾಸಿಯಾಗುತ್ತದೆ. ಅಡುಗೆಮನೆಯಲ್ಲಿ ರಾಘು ಅಕ್ಕಿಡಬ್ಬದ ಹಿಂದೆ ಸಿಕ್ಕಿಸಿದ ಲಕೋಟೆ ಕಾಣುತ್ತಾನೆ. ತಂಗಿ ಸುಧಾ ಅದನ್ನು ಕಸಿದು ಸೆರಗಿಗೆ ಸೇರಿಸುತ್ತಾಳೆ. “ಕೊಡು.” “ಅದ್ ನಿಂಗಲ್ಲಣ್ಣ.” “ಎಷ್ಟು ಸಾಲ?” ಅವಳು ಉತ್ತರ ಕೊಡದೆ ಒಲೆ ಊದುತ್ತಾಳೆ. ನೋಟಿಸಿನಲ್ಲಿ ಏನಿದೆ ಎಂದು ಯಾರೂ ಓದಲಿಲ್ಲ. ಅದನ್ನು ಬಚ್ಚಿಡುವಷ್ಟು ಗಂಭೀರವಾದದ್ದು ಇದೆ ಎಂದು, ಅದರಲ್ಲೂ ರಾಘುವಿನಿಂದಲೇ ಬಚ್ಚಿಡಬೇಕಾಗಿದೆ ಎಂದು ನೋಡುಗರಿಗೆ ತಿಳಿಯಿತು. ‘ಕ್ಲರ್ಕ್ಸ್’ ಚಿತ್ರದ ಗೆಳೆಯರು ಶವಪೆಟ್ಟಿಗೆಯ ವಿಷಯವನ್ನು ಜಗಳದಲ್ಲಿ ಹೊರಹಾಕಿದ್ದೂ ಇದೇ ಬಗೆಯಲ್ಲಿ.

ಸಬ್‌ರಿಜಿಸ್ಟ್ರಾರ್ ಕಚೇರಿಯನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಕಥೆಯ ದೊಡ್ಡ ಘಟನೆ ನಡೆಯುವುದು ಅಲ್ಲಿ. ಆದರೆ ಸಹಿ ಹಾಕುವ ಕೈ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ನಂಜಪ್ಪನನ್ನು ತೋರಿಸುವುದು ಅವನು ಹೊರಡುವ ಮತ್ತು ಮರಳುವ ಗಳಿಗೆಗಳು. ಬೆಳಗ್ಗೆ ಅವನು ಮದುವೆಗೆ ಉಡುವ ಬಿಳಿ ಪಂಚೆ ಉಟ್ಟು, ಟ್ರಂಕಿನಿಂದ ಪಹಣಿ ಇಟ್ಟ ಪ್ಲಾಸ್ಟಿಕ್ ಕವರು ತೆಗೆದು, ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಜಗಲಿ ಇಳಿಯುತ್ತಾನೆ. ಸಂಜೆ ಮರಳಿ, ಖಾಲಿಯಾದ ಅದೇ ಕವರನ್ನು ಎರಡು ಮಡಿಕೆ ಮಾಡಿ ಟ್ರಂಕಿನಲ್ಲಿ ಮೊದಲಿದ್ದ ಜಾಗದಲ್ಲೇ ಇಡುತ್ತಾನೆ. ಎರಡೂ ಚಿತ್ರಿಕೆಗಳಿಗೆ ಒಬ್ಬನೇ ನಟ, ಒಂದೇ ಮನೆ.

ಉಳಿದದ್ದು ತೋಟದ ರಾತ್ರಿ. ಅಪ್ಪ ಸತ್ಯ ಹೇಳುವ ಎರಡೂವರೆ ಪುಟದ ದೃಶ್ಯ ಅದು. ‘ರಾತ್ರಿಯ ಬದಲು ಮುಸ್ಸಂಜೆ ಮಾಡೋಣ’ ಎಂಬ ಸಲಹೆ ಎಲ್ಲ ತಂಡಗಳಲ್ಲೂ ಬರುತ್ತದೆ, ಬಹಳ ತಂಡಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಕರ್ನಾಟಕ ಇರುವ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಆ ನೀಲಿ ಬೆಳಕು ನಿಲ್ಲುವುದು ಸುಮಾರು ಇಪ್ಪತ್ತು, ಇಪ್ಪತ್ತೈದು ನಿಮಿಷ. ಅಷ್ಟರಲ್ಲೇ ಅದು ನಿಮಿಷ ನಿಮಿಷಕ್ಕೂ ಕುಗ್ಗುತ್ತದೆ. ಅಪ್ಪನ ಕಡೆಯಿಂದ ಒಂದು, ಮಗನ ಕಡೆಯಿಂದ ಒಂದು ಶಾಟ್ ಮುಗಿಸುವಷ್ಟರಲ್ಲಿ ಮೊದಲನೆಯದರ ಆಕಾಶಕ್ಕೂ ಎರಡನೆಯದರ ಆಕಾಶಕ್ಕೂ ಹೊಂದಿಕೆ ತಪ್ಪುತ್ತದೆ. ಎರಡೂವರೆ ಪುಟದ ಮಾತು ಆ ಕಿಂಡಿಯಲ್ಲಿ ತೂರುವುದಿಲ್ಲ.

ಹಗಲಲ್ಲೇ ಚಿತ್ರಿಸಿ ರಾತ್ರಿಯಂತೆ ಕಾಣಿಸುವ ಹಳೆಯ ವಿದ್ಯೆಯೂ ಇದೆ. ಒಡ್ಡಿಕೆಯನ್ನು ತಗ್ಗಿಸಿ, ಬಣ್ಣವನ್ನು ನೀಲಿಗೆ ತಿರುಗಿಸಿ, ಸೂರ್ಯನನ್ನು ಪಾತ್ರದ ಬೆನ್ನ ಹಿಂದೆ ಇಟ್ಟುಕೊಂಡು, ಆಕಾಶ ಚೌಕಟ್ಟಿಗೆ ಬಾರದಂತೆ ಚಿತ್ರಿಸುತ್ತಾರೆ. ತೆಂಗಿನ ತೋಟದಲ್ಲಿ ಇದು ನಿಲ್ಲುವುದು ಕಷ್ಟ. ಗರಿಗಳ ಸಂದಿನಿಂದ ಆಕಾಶ ಇಣುಕುತ್ತದೆ, ನೆಲದ ಮೇಲೆ ಬಿಸಿಲಿನ ಚೂಪು ನೆರಳು ಬೀಳುತ್ತದೆ, ಕೈಯಲ್ಲಿ ಲಾಟೀನು ಹಿಡಿಸಿದರೆ ಅದರ ಬೆಳಕು ಎಲ್ಲಿಗೂ ಹರಡುವುದಿಲ್ಲ. ಕಣ್ಣು ಈ ಮೂರರಲ್ಲಿ ಒಂದನ್ನಾದರೂ ಹಿಡಿದುಬಿಡುತ್ತದೆ.

ಆದ್ದರಿಂದ ಹೊಸ ಕರಡು ಆ ದೃಶ್ಯವನ್ನು ಎರಡಾಗಿ ಸೀಳುತ್ತದೆ. ಮಾತಿನ ಭಾಗ ಪಡಸಾಲೆಗೆ ಬಂತು, ಕರೆಂಟು ಹೋದ ರಾತ್ರಿ, ಒಂದು ಎಣ್ಣೆದೀಪ. ಇದನ್ನು ಮಧ್ಯಾಹ್ನವೇ ಚಿತ್ರಿಸಬಹುದು: ಕಿಟಕಿ, ಗವಾಕ್ಷಿ, ಹೆಂಚಿನ ಸಂದುಗಳಿಗೆ ಹೊರಗಿನಿಂದ ದಪ್ಪ ಕಪ್ಪುಬಟ್ಟೆ ಕಟ್ಟಿದರೆ ಒಳಗೆ ರಾತ್ರಿ. ಸೋರುವ ಬೆಳಕನ್ನು ಕಂಡುಹಿಡಿಯಲು ಎಲ್ಲ ದೀಪ ಆರಿಸಿ ಎರಡು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತರೆ ಸಾಕು, ಸೂಜಿಮೊನೆಯಷ್ಟು ರಂಧ್ರವೂ ಕಾಣುತ್ತದೆ. ಬಟ್ಟೆ ತಡೆಯದಿರುವುದು ಶಬ್ದವನ್ನು. ಕಾಗೆ, ಟ್ರ್ಯಾಕ್ಟರ್, ಹೊರಗೆ ಆಡುವ ಮಕ್ಕಳು ಸಂಭಾಷಣೆಯ ಹಿಂದೆ ಕೇಳಿಸಿದರೆ ರಾತ್ರಿ ಒಡೆಯುತ್ತದೆ. ಆಮೇಲೆ ಜೀರುಂಡೆ ಸದ್ದು ಸೇರಿಸಬಹುದು, ಮಾತಿನೊಳಗೆ ಬೆರೆತ ಕಾಗೆಯನ್ನು ಹೊರತೆಗೆಯುವುದು ಕಷ್ಟ. ಹಾಗಾಗಿ ಊರು ಉಂಡು ಮಲಗುವ ಮಧ್ಯಾಹ್ನದ ಹೊತ್ತನ್ನು ಈ ದೃಶ್ಯಕ್ಕೆ ಕಾಯ್ದಿಡಬೇಕು.

ಒಂದೇ ಮನೆಯೊಳಗೆ ಇಷ್ಟೆಲ್ಲ ನಡೆದರೆ ಬೇಸರ ಬರುವುದಿಲ್ಲವೇ? ಬರಬಹುದು. ಇದಕ್ಕೆ ಅಮೆರಿಕದ ಟಿವಿ ಸರಣಿ ‘ಬ್ರೇಕಿಂಗ್ ಬ್ಯಾಡ್’ ಕಂಡುಕೊಂಡ ಉತ್ತರವಿದೆ. 2010ರಲ್ಲಿ ಮೂರನೆಯ ಸೀಸನ್‌ನ ಖರ್ಚು ಮಿತಿ ಮೀರಿದಾಗ, ಒಂದು ಕಂತನ್ನು ಆಗಲೇ ಕಟ್ಟಿದ್ದ ಪ್ರಯೋಗಾಲಯದ ಸೆಟ್‌ನಲ್ಲೇ ಹೆಚ್ಚುಕಡಿಮೆ ಇಬ್ಬರೇ ನಟರೊಂದಿಗೆ ಮುಗಿಸಲು ನಿರ್ಧರಿಸಲಾಯಿತು. ರಯಾನ್ ಜಾನ್ಸನ್ ನಿರ್ದೇಶಿಸಿದ ಆ ಕಂತಿನ ಹೆಸರು ‘ಫ್ಲೈ’. ಲ್ಯಾಬಿನೊಳಗೆ ಒಂದು ನೊಣ ಸೇರಿಕೊಂಡಿದೆ, ಅದನ್ನು ಹೊಡೆಯದೆ ಕೆಲಸ ಮುಂದುವರಿಸುವುದಿಲ್ಲ ಎಂದು ವಾಲ್ಟರ್ ಹಟ ಹಿಡಿಯುತ್ತಾನೆ. ನೊಣದ ಹಿಂದೆ ಹೋಗುತ್ತ ಅವರು ಆ ಕೋಣೆಯ ನೆಲ, ಮೇಲ್ಕಟ್ಟು, ಏಣಿಯ ತುದಿ ಎಲ್ಲವನ್ನೂ ಬಳಸುತ್ತಾರೆ. ಕೊನೆಗೆ ಜೆಸ್ಸಿ ಏಣಿಯ ಮೇಲೆ ತೂಗಾಡುತ್ತಿರುವಾಗ, ನಿದ್ದೆಯ ಮಂಪರಿನಲ್ಲಿ ಕೆಳಗೆ ಏಣಿ ಹಿಡಿದ ವಾಲ್ಟರ್ ಬಾಯಿಂದ ಭಯಂಕರ ಗುಟ್ಟೊಂದು ಇನ್ನೇನು ಹೊರಬಿತ್ತು ಎಂಬ ಗಳಿಗೆ ಬರುತ್ತದೆ. ಕೋಣೆ ಬದಲಾಗಲಿಲ್ಲ. ಯಾರು ಎತ್ತರದಲ್ಲಿದ್ದಾರೆ, ಯಾರು ಯಾರನ್ನು ಹಿಡಿದು ನಿಂತಿದ್ದಾರೆ ಎಂಬುದು ಪ್ರತಿ ಸಲ ಬದಲಾಯಿತು.

ಹಳ್ಳಿಮನೆಯಲ್ಲಿ ಇದಕ್ಕೆ ಇನ್ನೂ ಹೆಚ್ಚು ಅವಕಾಶವಿದೆ, ಅದು ಒಂದು ಜಾಗವಾದರೂ ಹಲವು ಜಾಗಗಳ ಗೂಡು. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದಾಗ ಅಲ್ಲಿನ ದೊಡ್ಡಮನೆ ಸರಣಿಯ ಮುಖ್ಯ ತಾಣವಾಗಿತ್ತು. ನಮ್ಮ ಕಿರುಚಿತ್ರದಲ್ಲೂ ಜಗಲಿ ಹೊರಗಿನವರೊಡನೆ ಮಾತಾಡುವ ಜಾಗ, ಅಡುಗೆಮನೆ ಬಚ್ಚಿಡುವ ಜಾಗ, ಪಡಸಾಲೆ ಸತ್ಯ ಹೊರಬರುವ ಜಾಗ. ಕುಮಾರ ಜಗಲಿ ದಾಟಿ ಒಳಗೆ ಬರುವುದೇ ಇಲ್ಲ. ಸಹಿಯಾದ ಸಂಜೆಯೂ ಅವನು ಮೆಟ್ಟಿಲ ಬಳಿ ನಿಂತೇ ಇರುತ್ತಾನೆ.

ಈಗ ಲೆಕ್ಕ ಹೀಗಿದೆ. ಒಂದು ಮನೆ ಮತ್ತು ಅದಕ್ಕಂಟಿದ ತೋಟ, ಏಳು ಚಿಕ್ಕ ದೃಶ್ಯಗಳು, ನಾಲ್ವರು ಕಲಾವಿದರು, ಒಂದು ದನಿ. ರಾತ್ರಿ ಚಿತ್ರೀಕರಣ ಇಲ್ಲ. ಜನ ದಿನಕ್ಕೆ ಹನ್ನೆರಡು, ಕೆಲಸ ಮೂರು ದಿನ. ತೊಂಬತ್ತಿದ್ದ ಆಳಿನ ಲೆಕ್ಕ ಮೂವತ್ತಾರಕ್ಕೆ ಇಳಿಯಿತು.

ತೋಟವನ್ನೂ ಬಿಟ್ಟಿದ್ದರೆ ಲೆಕ್ಕ ಇನ್ನೂ ಇಳಿಯುತ್ತಿತ್ತು. ಆದರೆ ಕಳೆದುಹೋಗುವುದು ಯಾವುದೋ ಅದನ್ನು ನೋಡುಗರು ಒಮ್ಮೆಯಾದರೂ ಕಣ್ತುಂಬ ನೋಡದಿದ್ದರೆ ಖಾಲಿ ಕವರಿಗೆ ಯಾವ ತೂಕವೂ ಇರುವುದಿಲ್ಲ. ಸಹಿ ನಡೆದ ಕಚೇರಿಯನ್ನು ಮರೆಯಲ್ಲಿಡಬಹುದು, ಮರಗಳನ್ನು ಇಡಲಾಗದು. ಹಾಗಾಗಿ ಸೀಳಿದ ದೃಶ್ಯದ ಎರಡನೆಯ ಭಾಗ, ಮಾತಿಲ್ಲದ ಒಂದು ನಿಮಿಷ, ತೋಟದಲ್ಲೇ ಉಳಿಯಿತು: ಹೊರಡುವ ಮುಂಜಾನೆ ನಂಜಪ್ಪ ಸಾಲಿನ ಒಂದೊಂದೇ ಮರವನ್ನು ಅಂಗೈಯಿಂದ ಮುಟ್ಟುತ್ತ ನಡೆಯುತ್ತಾನೆ, ಹಿಂದೆ ಬರುವ ರಾಘು ಅವನು ಮುಟ್ಟಿದ ಜಾಗವನ್ನೇ ಮುಟ್ಟುತ್ತಾನೆ. ಒಂದೇ ಶಾಟ್, ಸೂರ್ಯ ಮೂಡುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ ಮೂರು ಬಾರಿ ತೆಗೆಯಬಹುದು. ಮೋಡವೋ ಮಂಜೋ ಕೆಡಿಸಿದರೆ ಇರಲಿ ಎಂದು, ಉಳಿತಾಯದ ಮೂರು ದಿನಗಳಲ್ಲಿ ಒಂದು ಬೆಳಗನ್ನು ತೆಗೆದು ಮತ್ತೆ ಈ ಒಂದು ನಿಮಿಷದ ಹೆಸರಿಗೇ ಬರೆದಿಡಲಾಗಿದೆ.